ನಾವು ಬರೆಯದ ಕೋರಿಕೆ ಪತ್ರ

ರೇಡಿಯೊದ ಕೋರಿಕೆ ಕಾರ್ಯಕ್ರಮಕ್ಕೆ ಒಂದು ಕಾರ್ಡು ಬರೆಯುವುದೆಂದರೆ ಎಷ್ಟು ಕೆಲಸವಿತ್ತು ನೋಡಿ. ಅಂಚೆ ಕಚೇರಿಯಿಂದ ಕಾರ್ಡು ತರಬೇಕು. ಸಿನಿಮಾ ಯಾವುದು, ಹಾಡು ಯಾವುದು ಎಂದು ನೆನಪು ಮಾಡಿಕೊಳ್ಳಬೇಕು. ಮನೆಮಂದಿಯ ಹೆಸರನ್ನೆಲ್ಲ ಸಾಲಾಗಿ ಬರೆದು, ಕೆಳಗೆ ಊರು, ಅಂಚೆ, ತಾಲ್ಲೂಕು ಸೇರಿಸಿ, ಡಬ್ಬಿಗೆ ಹಾಕಿ ವಾರಗಟ್ಟಲೆ ಕಾಯಬೇಕು. ಆ ಕಾರ್ಡಿನಲ್ಲಿ ಒಂದು ವಿಷಯ ಮಾತ್ರ ಖಚಿತ. ಬರೆದವರು ಆ ಹಾಡನ್ನು ಬೇಕೆಂದೇ ಕೇಳಿದ್ದಾರೆ, ಯೋಚಿಸಿ, ತಮ್ಮ ಹೆಸರು ಹಾಕಿ ಕೇಳಿದ್ದಾರೆ. ಮೊಬೈಲಿನ ವಿಡಿಯೊ ಆ್ಯಪಿಗೂ ನಮ್ಮಿಂದ ಇಂಥ ಕೋರಿಕೆಗಳು ಹೋಗುತ್ತವೆ. ದಿನಕ್ಕೆ ನೂರಾರು ಹೋಗುತ್ತವೆ. ವ್ಯತ್ಯಾಸವೆಂದರೆ ಅವನ್ನು ನಾವು ಬರೆದಿರುವುದಿಲ್ಲ. ಒಂದು ವಿಡಿಯೊದ ಮೇಲೆ ಹೆಬ್ಬೆರಳು ಮೂರು ಸೆಕೆಂಡು ತಡೆದು ನಿಂತಿತು, ಇನ್ನೊಂದನ್ನು ಅರ್ಧಕ್ಕೇ ಮೇಲೆ ತಳ್ಳಿತು, ಮತ್ತೊಂದನ್ನು ಒಲೆಯ ಮೇಲಿನ ಹಾಲು ನೋಡಲು ಎದ್ದುಹೋದಾಗ ತನ್ನಷ್ಟಕ್ಕೆ ಓಡಲು ಬಿಟ್ಟಿತು. ಇವೆಲ್ಲವೂ ನಮ್ಮ ಹೆಸರಿನಲ್ಲಿ ಸಲ್ಲಿಕೆಯಾದ ಅರ್ಜಿಗಳೇ.

ರೇಡಿಯೊ ಮಾಧ್ಯಮಕ್ಕೂ ಈ ವಿಷಯಕ್ಕೂ ಒಂದು ನಂಟಿದೆ. ರೇಡಿಯೊ ಮಾತಾಡುತ್ತದೆ, ಯಾರು ಕೇಳುತ್ತಿದ್ದಾರೆಂದು ಅದಕ್ಕೆ ಗೊತ್ತಾಗುವುದಿಲ್ಲ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ‘ಆಕಾಶವಾಣಿ’ ಎಂಬ ಹೆಸರಿನ ಬಾನುಲಿ ಕೇಂದ್ರ ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ವೃತ್ತಿಯಿಂದ ಮನಃಶಾಸ್ತ್ರದ ಪ್ರಾಧ್ಯಾಪಕರು. ಮನಸ್ಸನ್ನು ಓದುವ ವಿದ್ಯೆ ಬಲ್ಲವರು ಕಟ್ಟಿದ ಆ ಕೇಂದ್ರಕ್ಕೆ, ಅತ್ತ ಕಡೆ ಒಬ್ಬರು ಮಧ್ಯದಲ್ಲೇ ರೇಡಿಯೊ ಆರಿಸಿದರೆ ಅದನ್ನು ತಿಳಿಯುವ ದಾರಿಯೇ ಇರಲಿಲ್ಲ. ವಿಡಿಯೊ ಆ್ಯಪಿನಲ್ಲಿ ಇದು ತಿರುವುಮುರುವು. ನಾವು ಅದನ್ನು ನೋಡುವುದಕ್ಕಿಂತ ಹೆಚ್ಚು ಗಮನವಿಟ್ಟು ಅದು ನಮ್ಮನ್ನು ನೋಡುತ್ತದೆ. ಆದರೆ ಈ ಲೇಖನದ ವಾದ ‘ಅದು ನಮ್ಮನ್ನು ನೋಡುತ್ತದೆ’ ಎಂಬುದಲ್ಲ, ಅದು ಎಲ್ಲರಿಗೂ ಗೊತ್ತಿರುವ ಮಾತು. ನೋಡಿದ್ದನ್ನು ಅದು ಯಾವ ಲೆಕ್ಕಕ್ಕೆ ಬಳಸುತ್ತದೆ ಎಂಬುದು ಮುಖ್ಯ. ನಮಗೆ ಏನು ಇಷ್ಟ ಎಂದು ಅಲ್ಗಾರಿದಮ್ ಹುಡುಕುತ್ತಿದೆ ಎಂದು ನಾವು ತಿಳಿದಿದ್ದೇವೆ. ಅದು ಹುಡುಕುತ್ತಿರುವುದು ಒಂದು ಅಂಕಿಯನ್ನು. ಆ ಅಂಕಿ ಯಾವುದಿರಬೇಕೆಂದು ತೀರ್ಮಾನಿಸಿದವರು ಕಂಪನಿಯವರು, ನಾವಲ್ಲ. ಇಷ್ಟದ ಜಾಗದಲ್ಲಿ ಅಂಕಿಯನ್ನು ಕೂರಿಸಿದ ಈ ಅದಲುಬದಲೇ ಅದರ ಸದ್ದಿಲ್ಲದ ಕೆಲಸ.

ಮೊದಲು ಒಂದು ಜನಪ್ರಿಯ ನಂಬಿಕೆಯನ್ನು ಪಕ್ಕಕ್ಕಿಡೋಣ. ‘ನಾವು ಮಿಕ್ಸಿ ಬಗ್ಗೆ ಮಾತಾಡಿದೆವು, ಫೋನು ಕದ್ದು ಕೇಳಿಸಿಕೊಂಡಿತು, ಮಿಕ್ಸಿಯ ವಿಡಿಯೊ ಬಂತು’ ಎನ್ನುವವರು ಪ್ರತಿ ಮನೆಯಲ್ಲೂ ಇದ್ದಾರೆ. ಶಿಫಾರಸು ಹೇಗೆ ನಡೆಯುತ್ತದೆಂದು ವಿವರಿಸಲು ಈ ಕದ್ದಾಲಿಕೆಯ ಕಥೆಯ ಅಗತ್ಯವೇ ಇಲ್ಲ. ಸೀರೆ ಅಂಗಡಿಯಲ್ಲಿ ಹಳೆಯ ಸೇಲ್ಸ್‌ಮನ್ ಒಬ್ಬರು ಕೂತಿರುತ್ತಾರಲ್ಲ, ಅವರನ್ನು ನೆನೆಯಿರಿ. ಗಿರಾಕಿ ಬಾಯಿ ಬಿಡುವ ಮೊದಲೇ ಯಾವ ಅಂಚಿನ ಮೇಲೆ ಕಣ್ಣು ನಿಂತಿತು, ಯಾವ ಸೀರೆಯ ಸೆರಗನ್ನು ಬೆರಳು ಎರಡನೇ ಸಲ ಮುಟ್ಟಿತು ಎಂಬುದನ್ನು ಅವರು ಗಮನಿಸಿರುತ್ತಾರೆ. ಮಾತಿಗಿಂತ ಕೈ ಹೆಚ್ಚು ಹೇಳುತ್ತದೆ ಎಂದು ಅವರಿಗೆ ಗೊತ್ತು. ಆ್ಯಪಿನದೂ ಅದೇ ಕಸುಬು. ಆದರೆ ಅದರ ಮುಂದೆ ಒಂದೇ ಹೊತ್ತಿಗೆ ಕೋಟಿಗಟ್ಟಲೆ ಗಿರಾಕಿಗಳು ಕೂತಿದ್ದಾರೆ, ಮತ್ತು ನಿಮ್ಮಂತೆಯೇ ಕೈ ಆಡಿಸಿದ ಇನ್ನೊಬ್ಬರು ಕೊನೆಗೆ ಯಾವ ಸೀರೆಯ ಮುಂದೆ ಹೆಚ್ಚು ಹೊತ್ತು ಕೂತರು ಎಂಬುದೂ ಅದರ ನೆನಪಿನಲ್ಲಿದೆ.

ಇದರ ಒಳಗಿನ ರಚನೆ ಊಹಾಪೋಹವಲ್ಲ. 2016ರಲ್ಲಿ ಯೂಟ್ಯೂಬಿನ ಎಂಜಿನಿಯರುಗಳಾದ ಪಾಲ್ ಕೋವಿಂಗ್ಟನ್, ಜೇ ಆ್ಯಡಮ್ಸ್ ಮತ್ತು ಎಮ್ರೆ ಸಾರ್ಗಿನ್ ತಮ್ಮ ವ್ಯವಸ್ಥೆಯ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಅದರ ಪ್ರಕಾರ ಕೆಲಸ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲ ಹಂತದಲ್ಲಿ, ಲಕ್ಷಾಂತರ ವಿಡಿಯೊಗಳ ಉಗ್ರಾಣದಿಂದ ನಿಮಗೆ ಹೊಂದಬಹುದಾದ ಕೆಲವು ನೂರನ್ನು ಎತ್ತಿ ಹೊರಗಿಡಲಾಗುತ್ತದೆ. ನೀವು ಇತ್ತೀಚೆಗೆ ನೋಡಿದ ಮತ್ತು ಹುಡುಕಿದ ಸಂಗತಿಗಳೇ ಇದಕ್ಕೆ ಆಧಾರ. ಎರಡನೇ ಹಂತದಲ್ಲಿ, ಆ ಕೆಲವು ನೂರಕ್ಕೆ ಒಂದೊಂದಾಗಿ ಅಂಕ ಕೊಟ್ಟು, ಹೆಚ್ಚು ಅಂಕ ಬಂದದ್ದನ್ನು ಮೇಲೆ ಜೋಡಿಸಲಾಗುತ್ತದೆ. ನಿಮ್ಮ ಕಣ್ಣಿಗೆ ಬೀಳುವುದು ಈ ಸಾಲಿನ ಮೊದಲ ಕೆಲವು ಮಾತ್ರ. ಅದರಲ್ಲೂ ಒಂದು ಸೂಕ್ಷ್ಮವಿದೆ. ಈಗಷ್ಟೇ ತೋರಿಸಿದ ವಿಡಿಯೊವನ್ನು ನೀವು ಮುಟ್ಟದಿದ್ದರೆ, ಮುಂದಿನ ಸಲ ಪುಟ ತೆರೆದಾಗ ಅದು ತಾನಾಗಿ ಕೆಳಕ್ಕೆ ಜಾರುತ್ತದೆ. ಅಂದರೆ ಸುಮ್ಮನಿದ್ದದ್ದೂ ಒಂದು ಉತ್ತರವಾಗಿ ದಾಖಲಾಗುತ್ತದೆ. ಈ ಯಂತ್ರದ ಎದುರು ಏನನ್ನೂ ಹೇಳದೆ ಇರುವುದಕ್ಕೆ ಸಾಧ್ಯವಿಲ್ಲ.

ಎರಡನೇ ಹಂತದ ಅಂಕವೇ ಎಲ್ಲದರ ಬೇರು. ಅದನ್ನು ಹತ್ತಿರದಿಂದ ನೋಡಲು ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಎರಡು ವಿಡಿಯೊಗಳಿವೆ ಎಂದುಕೊಳ್ಳಿ. ಒಂದು, ಕೊತ್ತಂಬರಿ ಚಟ್ನಿ ಮಾಡುವ ವಿಧಾನ, 4 ನಿಮಿಷದ್ದು. ಇನ್ನೊಂದು, ಯಾವುದೋ ಜಗಳದ ಕುರಿತು ನಾಲ್ವರು ಒಟ್ಟಿಗೇ ಕೂಗಾಡುವ ಚರ್ಚೆ, 40 ನಿಮಿಷದ್ದು. ನಿಮ್ಮಂಥದೇ ಅಭ್ಯಾಸವಿರುವ ನೂರು ಮಂದಿಗೆ ಎರಡನ್ನೂ ತೋರಿಸಲಾಯಿತು. ಚಟ್ನಿಯನ್ನು 20 ಮಂದಿ ಒತ್ತಿದರು, ಸರಾಸರಿ 3 ನಿಮಿಷ ನೋಡಿದರು, ಒಟ್ಟು 60 ನಿಮಿಷ. ಚರ್ಚೆಯನ್ನು ಒತ್ತಿದವರು 5 ಮಂದಿ ಮಾತ್ರ, ಆದರೆ ಸರಾಸರಿ 20 ನಿಮಿಷ ಕೂತರು, ಒಟ್ಟು 100 ನಿಮಿಷ. ಯಾವುದು ಗೆದ್ದಿತು? ಎಷ್ಟು ಮಂದಿ ಒತ್ತಿದರು ಎಂದು ಎಣಿಸಿದರೆ ಚಟ್ನಿಗೆ ನಾಲ್ಕು ಪಟ್ಟು ಗೆಲುವು. ಆದರೆ 2016ರ ಪ್ರಬಂಧದಲ್ಲಿರುವ ಪದ್ಧತಿಯಲ್ಲಿ, ಒತ್ತಿದ ಪ್ರತಿಯೊಂದು ಸಲಕ್ಕೆ ನೋಡಿದ ಹೊತ್ತಿನಷ್ಟು ತೂಕ, ಒತ್ತದ ಪ್ರತಿಯೊಂದು ಸಲಕ್ಕೆ ಬರೀ ಒಂದು ತೂಕ. ಚಟ್ನಿಯ ತಕ್ಕಡಿಯಲ್ಲಿ ಒಂದು ಕಡೆ 60, ಇನ್ನೊಂದು ಕಡೆ ಒತ್ತದ 80 ಮಂದಿ, ಭಾಗಿಸಿದರೆ 0.75. ಚರ್ಚೆಯ ತಕ್ಕಡಿಯಲ್ಲಿ 100ಕ್ಕೆ 95; ಭಾಗಿಸಿದರೆ 1.05ರ ಆಸುಪಾಸು. ನೂರರಲ್ಲಿ 95 ಮಂದಿ ಬೇಡವೆಂದು ಬಿಟ್ಟದ್ದು ಮೇಲಕ್ಕೆ ಹೋಯಿತು. ಇನ್ನು ವಿಡಿಯೊದ ಎಷ್ಟು ಪಾಲನ್ನು ನೋಡಿದರು ಎಂಬ ಮೂರನೇ ಅಳತೆ ಹಿಡಿದರೆ ಚಟ್ನಿಯದು ಮುಕ್ಕಾಲು, ಚರ್ಚೆಯದು ಅರ್ಧ. ಮತ್ತೆ ಚಟ್ನಿಯೇ ಮುಂದೆ. ಅದೇ ನೂರು ಮಂದಿ, ಅದೇ ಎರಡು ವಿಡಿಯೊ, ಅವರ ಅಭಿರುಚಿಯಲ್ಲಿ ಕೂದಲೆಳೆಯಷ್ಟೂ ಬದಲಾವಣೆಯಿಲ್ಲ. ಅಳತೆಗೋಲು ಬದಲಾದಂತೆ ‘ಜನರಿಗೆ ಬೇಕಾದದ್ದು’ ಬದಲಾಗುತ್ತ ಹೋಯಿತು.

ನಿಜವಾದ ವ್ಯವಸ್ಥೆ ಇಷ್ಟು ಸರಳವಾಗಿರುವುದಿಲ್ಲ. ನೂರಾರು ಸೂಚನೆಗಳನ್ನು ಬೆರೆಸಿ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಅಂದಾಜು ಮಾಡುತ್ತದೆ. ಆದರೆ ತಿರುಳು ಇದೇ. ಜನರಿಗೆ ಬೇಕಾದದ್ದನ್ನೇ ಕೊಡುತ್ತಿದ್ದೇವೆ ಎಂದು ಯಾವುದೇ ಕಂಪನಿ ಹೇಳಿದಾಗ, ‘ಬೇಕಾದದ್ದು’ ಎನ್ನುವುದನ್ನು ಯಾವ ಗೋಲಿನಿಂದ ಅಳೆದಿರಿ ಎಂಬ ಪ್ರಶ್ನೆಗೆ ಉತ್ತರ ಸಿಗದ ಹೊರತು ಆ ಮಾತಿಗೆ ಅರ್ಥವೇ ಇಲ್ಲ.

ಅಳತೆಗೋಲು ಹೇಗೆ ಬಂತು ಎಂಬ ಇತಿಹಾಸದಲ್ಲಿ ಖಳನಾಯಕರನ್ನು ಹುಡುಕಿದರೆ ನಿರಾಸೆಯಾಗುತ್ತದೆ. 2012ರವರೆಗೆ ಯೂಟ್ಯೂಬ್ ಮುಖ್ಯವಾಗಿ ಎಣಿಸುತ್ತಿದ್ದುದು ಎಷ್ಟು ಸಲ ಒತ್ತಿದರು ಎಂಬುದನ್ನು. ಪರಿಣಾಮವಾಗಿ ಹೊರಗಿನ ಚಿತ್ರ ಒಂದು, ಒಳಗಿನ ಸರಕು ಇನ್ನೊಂದು ಎಂಬಂಥ ವಿಡಿಯೊಗಳು ಹುಲುಸಾಗಿ ಬೆಳೆದವು. ಒತ್ತಿದವರು ಮೋಸಹೋಗಿ ಹತ್ತು ಸೆಕೆಂಡಿಗೆ ಹೊರಬಂದರೂ ಎಣಿಕೆಯಲ್ಲಿ ಒಂದು ಕೂಡಿರುತ್ತಿತ್ತು. ಇದನ್ನು ಸರಿಪಡಿಸಲೆಂದೇ ಆ ವರ್ಷ ‘ವಾಚ್ ಟೈಮ್’, ಅಂದರೆ ನೋಡಿದ ಹೊತ್ತು, ಮುಖ್ಯ ಅಳತೆಯಾಯಿತು. ಮೋಸದ ವಿಡಿಯೊವನ್ನು ಯಾರೂ ಕೂತು ನೋಡುವುದಿಲ್ಲ ಎಂಬ ತರ್ಕ ಪ್ರಾಮಾಣಿಕವಾದದ್ದೇ. ಬಳಿಕ ದಿನಕ್ಕೆ 100 ಕೋಟಿ ಗಂಟೆ ವೀಕ್ಷಣೆ ಎಂಬ ಗುರಿ ಕಂಪನಿಯೊಳಗೆ ನಿಗದಿಯಾಯಿತು. ಗುರಿ ತಲುಪಿದ್ದೇವೆಂದು 2017ರ ಆರಂಭದಲ್ಲಿ ಯೂಟ್ಯೂಬ್ ಪ್ರಕಟಿಸಿತು. 2018ರಲ್ಲಿ, ಆಗ ಕಂಪನಿಯ ಉತ್ಪನ್ನ ವಿಭಾಗದ ಮುಖ್ಯಸ್ಥರಾಗಿದ್ದ ನೀಲ್ ಮೋಹನ್, ಯೂಟ್ಯೂಬಿನಲ್ಲಿ ಜನ ಕಳೆಯುವ ಹೊತ್ತಿನ ಶೇ 70ಕ್ಕೂ ಹೆಚ್ಚು ಪಾಲು ಶಿಫಾರಸಿನಿಂದಲೇ ಬರುತ್ತದೆ ಎಂದರು. ನೋಡುಗ ತಾನಾಗಿ ಹುಡುಕಿಕೊಂಡು ಹೋಗಿ ನೋಡಿದ್ದು ಸಣ್ಣ ಪಾಲು. ಕೋರಿಕೆ ಪತ್ರ ಬರೆಯುವ ಪದ್ಧತಿ ಹೆಚ್ಚುಕಡಿಮೆ ನಿಂತೇಹೋಗಿದೆ ಎಂದರ್ಥ.

ಅಳತೆಗೋಲು ಬದಲಾದರೆ ಬಟ್ಟೆ ನೇಯುವವರೂ ಬದಲಾಗುತ್ತಾರೆ. ಇದು ನೋಡುಗರ ಕಣ್ಣಿಗೆ ಬೀಳದ, ಆದರೆ ವಿಡಿಯೊ ಮಾಡುವವರಿಗೆಲ್ಲ ಚೆನ್ನಾಗಿ ಗೊತ್ತಿರುವ ಸಂಗತಿ. ಹೊತ್ತಿಗೆ ಬೆಲೆ ಎಂದಾದ ಮೇಲೆ ಎರಡು ನಿಮಿಷದಲ್ಲಿ ಮುಗಿಯುವ ಮಾಹಿತಿಯ ಮುಂದೆ ಐದು ನಿಮಿಷದ ಪೀಠಿಕೆ ಹುಟ್ಟಿತು. ಉತ್ತರವನ್ನು ಕೊನೆಗೆ ಇಟ್ಟು, ‘ವಿಡಿಯೊ ಸ್ಕಿಪ್ ಮಾಡದೆ ಪೂರ್ತಿ ನೋಡಿ’ ಎಂದು ಮೊದಲೇ ಕೇಳಿಕೊಳ್ಳುವ ರೂಢಿ ಬಂತು. 2020ರಲ್ಲಿ ಯೂಟ್ಯೂಬ್ ನಡುಮಧ್ಯೆ ಜಾಹೀರಾತು ಸೇರಿಸಲು ಬೇಕಾದ ಕನಿಷ್ಠ ಉದ್ದವನ್ನು 10 ನಿಮಿಷದಿಂದ 8ಕ್ಕೆ ಇಳಿಸಿತು. 8 ನಿಮಿಷ ದಾಟಿದೊಡನೆ ಮುಗಿಯುವ ವಿಡಿಯೊಗಳು ಇಷ್ಟೊಂದು ಏಕಿವೆ ಎಂದು ಯಾರಾದರೂ ಬೆರಗಾಗಿದ್ದರೆ ಉತ್ತರ ಇಲ್ಲಿದೆ. ಅತ್ತ ಶಾರ್ಟ್ಸ್ ಮತ್ತು ರೀಲ್ಸ್‌ಗಳ ಲೋಕದಲ್ಲಿ ಪ್ರಶ್ನೆಯೇ ಬೇರೆ: ನಿಂತು ನೋಡಿದರೋ, ಮೇಲೆ ತಳ್ಳಿ ಹೋದರೋ? ವಿಡಿಯೊ ಮಾಡುವವರಿಗೆ ಯೂಟ್ಯೂಬ್ ಕೊಡುವ ಲೆಕ್ಕದ ಪುಟದಲ್ಲೇ ಇವೆರಡರ ಶೇಕಡಾವಾರು ಪಟ್ಟಿ ಇರುತ್ತದೆ. ಹೀಗಾಗಿ ಅಲ್ಲಿ ಪೀಠಿಕೆಗೆ ಜಾಗವಿಲ್ಲ. ಮೊದಲ ಸೆಕೆಂಡಿನಲ್ಲೇ ಏನೋ ಒಡೆಯಬೇಕು, ಯಾರೋ ಬೀಳಬೇಕು, ಇಲ್ಲವೇ ಯಾರಾದರೂ ಕಿರುಚಬೇಕು.

ಕರಾವಳಿಯ ಒಂದು ತಾಳಮದ್ದಳೆಯ ಮೂರು ಗಂಟೆಯ ಧ್ವನಿಮುದ್ರಣವನ್ನು ಈ ಎರಡು ಲೋಕಗಳಲ್ಲೂ ಇಟ್ಟು ನೋಡಿ. ಮನೆಗೆಲಸದ ನಡುವೆ ಅದನ್ನು ರೇಡಿಯೊದಂತೆ ಹಚ್ಚಿಟ್ಟು ಪೂರ್ತಿ ಕೇಳುವವರಿದ್ದಾರೆ. ಹೊತ್ತಿನ ಲೆಕ್ಕದಲ್ಲಿ ಅಂಥ ಒಬ್ಬ ಕೇಳುಗ ಚಟ್ನಿ ನೋಡಿದ 60 ಮಂದಿಗೆ ಸಮ. ಕೇಳುತ್ತ ಕೇಳುತ್ತ ಅವರು ನಿದ್ದೆಹೋಗಿ, ನಂತರದ ವಿಡಿಯೊ ತಾನಾಗಿ ಶುರುವಾದರೆ ಮೀಟರು ಓಡುತ್ತಲೇ ಇರುತ್ತದೆ. ‘ಇನ್ನೂ ನೋಡುತ್ತಿದ್ದೀರಾ’ ಎಂದು ಆ್ಯಪು ಕೇಳುವವರೆಗೂ ನಿದ್ದೆಯೂ ಆಸಕ್ತಿಯೇ. ಅದೇ ಕಲಾವಿದರ ಅರ್ಥಗಾರಿಕೆಯನ್ನು ಒಂದು ನಿಮಿಷಕ್ಕೆ ಕತ್ತರಿಸಿ ಶಾರ್ಟ್ಸ್‌ಗೆ ಹಾಕಿದರೆ, ಕೃಷ್ಣನ ವಾದ ಪೂರ್ವಪಕ್ಷದಿಂದ ಉತ್ತರಪಕ್ಷಕ್ಕೆ ಬರುವ ಮೊದಲೇ ಹೆಬ್ಬೆರಳು ಚಲಿಸಿರುತ್ತದೆ. ಉಳಿಯುವುದು ಒಂದು ಚುಚ್ಚುಮಾತು, ಒಂದು ನಗೆ. ಕಲೆಯ ಗುಣ ಎರಡು ಕಡೆಯೂ ಒಂದೇ. ಇಂಥ ಉದ್ದದ ಪಕ್ಷಪಾತ ಕಾಲ್ಪನಿಕವಲ್ಲ. ಚೀನಾದ ಕುವೈಶೌ ಎಂಬ ಕಿರುವಿಡಿಯೊ ಕಂಪನಿಯ ಎಂಜಿನಿಯರುಗಳು 2022ರಲ್ಲಿ ಪ್ರಕಟಿಸಿದ ಪ್ರಬಂಧವೊಂದರ ವಿಷಯವೇ ಇದು. ನೋಡಿದ ಹೊತ್ತನ್ನು ಅಂದಾಜಿಸುವ ಯಂತ್ರ, ಬರೀ ಉದ್ದವಾಗಿರುವುದನ್ನೇ ಚೆನ್ನಾಗಿದೆ ಎಂದು ತಪ್ಪಾಗಿ ಕಲಿಯುತ್ತದೆ. ಅದನ್ನು ತಿದ್ದಲು ಅವರು, ಹೆಚ್ಚುಕಡಿಮೆ ಒಂದೇ ಉದ್ದದ ವಿಡಿಯೊಗಳನ್ನು ಅವುಗಳ ಗುಂಪಿನೊಳಗೇ ಹೋಲಿಸಿದರು.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಎಲ್ಲಕ್ಕಿಂತ ಗಟ್ಟಿಯಾದದ್ದು. ಯಾರೂ ಯಾರ ಕೈಯನ್ನೂ ಹಿಡಿದು ಒತ್ತಿಸುತ್ತಿಲ್ಲ. ಬಾಯಲ್ಲಿ ಜನ ದೊಡ್ಡ ಮಾತಾಡುತ್ತಾರೆ, ಕೈಯಲ್ಲಿ ಅವರ ನಿಜ ಬಯಲಾಗುತ್ತದೆ. ಹಾಗಿರುವಾಗ ಕೈಯನ್ನು ನಂಬಿದರೆ ತಪ್ಪೇನು? ತಪ್ಪಿರುವುದು ಇಲ್ಲಿ: ಕೈ ಚಲಿಸುವುದು ಆ್ಯಪು ಜೋಡಿಸಿಟ್ಟ ಸಾಲಿನ ಮೇಲೆ. ಮೇಲಿರುವುದನ್ನು ಜನ ಹೆಚ್ಚು ಒತ್ತುತ್ತಾರೆ, ಅದು ಚೆನ್ನಾಗಿದೆ ಎಂದೇನೂ ಅಲ್ಲ, ಮೇಲಿದೆ ಎಂಬ ಕಾರಣಕ್ಕೇ. ಮದುವೆಯೂಟದಲ್ಲಿ ಬಡಿಸುವವರು ಮೊದಲು ತಂದ ಪಲ್ಯವೇ ಹೆಚ್ಚು ಖರ್ಚಾದರೆ ಅದರಿಂದ ಅಡುಗೆಯ ರುಚಿ ತಿಳಿಯುವುದಿಲ್ಲ, ಬಡಿಸಿದ ಕ್ರಮ ತಿಳಿಯುತ್ತದೆ. ಆ ಲೆಕ್ಕ ನೋಡಿ ಮಾರನೆಯ ದಿನ ಅದೇ ಪಲ್ಯವನ್ನು ಇನ್ನೂ ಹೆಚ್ಚು ಮಾಡಿಸಿ ಮತ್ತೆ ಮೊದಲು ಬಡಿಸಿದರೆ, ಮೂರನೇ ದಿನಕ್ಕೆ ‘ಊರಿಗೆಲ್ಲ ಈ ಪಲ್ಯವೇ ಇಷ್ಟ’ ಎಂಬುದು ಅಂಕಿಅಂಶಸಮೇತ ಸಾಬೀತಾಗುತ್ತದೆ. ಯಂತ್ರ ತಾನು ಮಾಡಿದ ಪರಿಣಾಮವನ್ನೇ ಜನರ ಆಸೆ ಎಂದು ಓದಿಕೊಳ್ಳುವ ಈ ಸುಳಿ ಟೀಕಾಕಾರರು ಕಟ್ಟಿದ ಕಥೆಯಲ್ಲ. 2019ರಲ್ಲಿ ಯೂಟ್ಯೂಬ್ ಎಂಜಿನಿಯರುಗಳೇ ಪ್ರಕಟಿಸಿದ ಇನ್ನೊಂದು ಪ್ರಬಂಧ ಇದನ್ನು ಹೆಸರಿಟ್ಟು ಒಪ್ಪಿಕೊಂಡಿದೆ. ಸಾಲಿನಲ್ಲಿದ್ದ ಜಾಗದ ಪ್ರಭಾವವನ್ನು ಪ್ರತ್ಯೇಕವಾಗಿ ಲೆಕ್ಕಹಾಕಿ ಕಳೆಯಲು ಯಂತ್ರಕ್ಕೊಂದು ಪುಟ್ಟ ಹೆಚ್ಚುವರಿ ಭಾಗವನ್ನು ಜೋಡಿಸಿದ್ದನ್ನು ಅದು ವಿವರಿಸುತ್ತದೆ.

ಅದೇ ಪ್ರಬಂಧದಲ್ಲಿ ಕಂಪನಿಯ ಪರವಾಗಿ ಹೇಳಬೇಕಾದ ಮಾತೂ ಇದೆ. ಒತ್ತುವುದು, ನೋಡುವ ಹೊತ್ತು ಇವುಗಳ ಜೊತೆಗೆ ಲೈಕ್, ‘ಬೇಡ’ ಎಂಬ ಸೂಚನೆ, ನೋಡಿದ ಮೇಲೆ ಕೊಟ್ಟ ಅಂಕ ಮುಂತಾದ ತೃಪ್ತಿಯ ಗುರುತುಗಳನ್ನೂ ಸೇರಿಸಿ ತೂಗಲಾಗುತ್ತಿದೆ. ಈಗಲೂ ಕೆಲವೊಮ್ಮೆ ‘ಈ ವಿಡಿಯೊ ಹೇಗನಿಸಿತು’ ಎಂದು ಪರದೆಯ ಮೇಲೆ ಕೇಳುವುದು ಇದಕ್ಕೇ. ಸುಧಾರಣೆ ನಿಜ. ಆದರೆ ತೂಕದ ಪ್ರಶ್ನೆ ಹಾಗೇ ಉಳಿಯುತ್ತದೆ. ಸಮೀಕ್ಷೆಗೆ ಉತ್ತರಿಸುವವರು ಬೆರಳೆಣಿಕೆ, ನೋಡುವ ಹೊತ್ತು ಪ್ರತಿಯೊಬ್ಬರಿಂದಲೂ ಪ್ರತಿ ಕ್ಷಣವೂ ಪುಕ್ಕಟೆ ಸಿಗುತ್ತದೆ. ಒಂದು ಬೊಗಸೆ ಮಾತು, ಒಂದು ಕೆರೆಯಷ್ಟು ನಡವಳಿಕೆ. ಯಂತ್ರ ಕಲಿಯುವುದು ಎಲ್ಲಿ ದತ್ತಾಂಶ ಹೇರಳವಾಗಿದೆಯೋ ಅಲ್ಲಿಂದ. ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಕೈಯಿಂದಲೇ ಹೊಂದಿಸಲಾಗುತ್ತದೆ ಎಂದು ಆ ಪ್ರಬಂಧವೇ ಹೇಳುತ್ತದೆ. ಆ ಕೈ ಯಾರದೆಂದು ಕೇಳುವ ಹಕ್ಕು ನೋಡುಗನಿಗೆ ಇಲ್ಲ.

ನೋಡುಗ ಬಾಯಿಬಿಟ್ಟು ‘ಬೇಡ’ ಎಂದಾಗ ಏನಾಗುತ್ತದೆ ಎಂಬುದನ್ನು ಹೊರಗಿನವರು ಅಳೆದು ನೋಡಿದ್ದಾರೆ. ಫೈರ್‌ಫಾಕ್ಸ್ ಬ್ರೌಸರಿನ ಮೊಝಿಲ್ಲಾ ಸಂಸ್ಥೆ 2022ರಲ್ಲಿ 22 ಸಾವಿರಕ್ಕೂ ಹೆಚ್ಚು ಸ್ವಯಂಸೇವಕರ ನೆರವಿನಿಂದ, ಯೂಟ್ಯೂಬಿನ ಗುಂಡಿಗಳು ಎಷ್ಟರಮಟ್ಟಿಗೆ ಕೆಲಸಮಾಡುತ್ತವೆ ಎಂದು ಪರೀಕ್ಷಿಸಿತು. ಒಂದು ವಿಡಿಯೊವನ್ನು ತಿರಸ್ಕರಿಸಿದ ಮೇಲೆ ಅದೇ ಬಗೆಯವು ಮತ್ತೆ ಬರುವುದು ಎಷ್ಟು ತಗ್ಗುತ್ತದೆ ಎಂಬುದು ಪ್ರಶ್ನೆ. ‘ಡಿಸ್‌ಲೈಕ್’ ಒತ್ತಿದರೆ ಇಂಥ ಶಿಫಾರಸುಗಳಲ್ಲಿ ಶೇ 12ರಷ್ಟು ಮಾತ್ರ ತಪ್ಪಿದವು. ‘Not interested’ ಒತ್ತಿದರೆ ಶೇ 11. ಹಿಸ್ಟರಿಯಿಂದ ಅಳಿಸಿದರೆ ಶೇ 29. ‘Don't recommend channel’ ಎಂಬುದೇ ಎಲ್ಲಕ್ಕಿಂತ ಪರಿಣಾಮಕಾರಿ, ಅದೂ ಶೇ 43. ಈ ಅಧ್ಯಯನಕ್ಕೆ ಮಿತಿಗಳಿವೆ. ಭಾಗವಹಿಸಿದವರು ತಾವಾಗಿ ಮುಂದೆ ಬಂದವರು, ಹೀಗಾಗಿ ಸಾಮಾನ್ಯ ನೋಡುಗರ ಪ್ರತಿನಿಧಿಗಳೆಂದು ಹೇಳಲಾಗದು. ‘ಅದೇ ಬಗೆಯದು’ ಎಂಬುದನ್ನು ಬಹುಮಟ್ಟಿಗೆ ಇನ್ನೊಂದು ಯಂತ್ರವೇ ತೀರ್ಮಾನಿಸಿದೆ. ಒಂದು ವಿಡಿಯೊ ಬೇಡವೆಂದ ಮಾತ್ರಕ್ಕೆ ಆ ವಿಷಯವನ್ನೇ ಪೂರ್ತಿ ಮುಚ್ಚಿಬಿಡುವುದು ಸರಿಯಲ್ಲ ಎಂದು ಯೂಟ್ಯೂಬ್ ಸಮರ್ಥಿಸಿಕೊಂಡಿತು. ಆ ಸಮರ್ಥನೆಯಲ್ಲಿ ಹುರುಳಿದೆ. ಆದರೂ ಒಂದು ಅಸಮತೋಲನ ಎದ್ದು ಕಾಣುತ್ತದೆ. ಮೂರು ಸೆಕೆಂಡು ತಡೆದು ನಿಂತ ಬೆರಳಿನ ಮೌನವನ್ನು ಯಂತ್ರ ಉತ್ಸಾಹದಿಂದ ಕೇಳಿಸಿಕೊಳ್ಳುತ್ತದೆ. ಅದೇ ಬೆರಳು ಮೂರು ಚುಕ್ಕಿಯ ಮೆನು ತೆರೆದು, ಹುಡುಕಿ, ‘ಬೇಡ’ ಎಂದು ಸ್ಪಷ್ಟವಾಗಿ ಹೇಳಿದರೆ ಅರೆಕಿವಿಯಲ್ಲಿ ಕೇಳುತ್ತದೆ. ರೇಡಿಯೊ ಕೇಂದ್ರ ಕಾರ್ಡುಗಳನ್ನು ಕಸದ ಬುಟ್ಟಿಗೆ ಹಾಕಿ, ಯಾವ ಮನೆಯ ರೇಡಿಯೊ ಎಷ್ಟು ಹೊತ್ತು ಆನ್ ಆಗಿತ್ತು ಎಂದಷ್ಟೇ ನೋಡಿ ಹಾಡು ಹಾಕಿದಂತೆ.

ಎರಡನೇ ಆಕ್ಷೇಪ ಇದಕ್ಕೆ ವಿರುದ್ಧ ದಿಕ್ಕಿನಿಂದ ಬರುತ್ತದೆ: ನೀವು ಹೇಳಿದ್ದು ತೀರಾ ಸಪ್ಪೆಯಾಯಿತು, ಅಲ್ಗಾರಿದಮ್ ಜನರನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ಉಗ್ರವಾದದ ಬಾವಿಗೆ ತಳ್ಳುತ್ತಿದೆಯಲ್ಲ, ಅದನ್ನೇಕೆ ಹೇಳುವುದಿಲ್ಲ? ಹೇಳದಿರುವುದಕ್ಕೆ ಕಾರಣ ಪುರಾವೆ. ಅಮೆರಿಕದ ಸಂಶೋಧಕರು ಸಾವಿರಾರು ಜನರ ನಿಜವಾದ ಬ್ರೌಸಿಂಗ್ ದಾಖಲೆಗಳನ್ನು ಅವರ ಒಪ್ಪಿಗೆ ಪಡೆದು ಪರಿಶೀಲಿಸಿದಾಗ, 2021 ಮತ್ತು 2023ರಲ್ಲಿ ಪ್ರಕಟವಾದ ಎರಡು ಪ್ರಮುಖ ಅಧ್ಯಯನಗಳಲ್ಲಿ ಕಂಡದ್ದು ಬೇರೆಯೇ. ಉಗ್ರ ವಿಡಿಯೊಗಳನ್ನು ನೋಡುವವರಲ್ಲಿ ಬಹುಪಾಲು ಮಂದಿ ಮೊದಲೇ ಅಂಥ ಮನೋಭಾವವಿದ್ದವರು. ಅವರು ಅಲ್ಲಿಗೆ ಹೋದದ್ದು ಸಬ್‌ಸ್ಕ್ರೈಬ್ ಮಾಡಿಕೊಂಡು ಇಲ್ಲವೇ ಬೇರೆ ತಾಣಗಳಲ್ಲಿ ಸಿಕ್ಕ ಲಿಂಕ್ ಹಿಡಿದು. ಏನೂ ಅರಿಯದ ನೋಡುಗ ಶಿಫಾರಸಿನಿಂದಲೇ ಆ ಬಾವಿಗೆ ಬಿದ್ದ ಉದಾಹರಣೆಗಳು ವಿರಳ. ಈ ಅಧ್ಯಯನಗಳೆಲ್ಲ ಅಮೆರಿಕದವು, ಮತ್ತು 2019ರ ಜನವರಿಯಲ್ಲಿ ಯೂಟ್ಯೂಬ್ ಇಂಥ ಅಂಚಿನ ವಿಡಿಯೊಗಳ ಶಿಫಾರಸನ್ನು ತಗ್ಗಿಸಲು ಹೊರಟಿತ್ತು ಎಂಬುದನ್ನು ನೆನಪಿಡಬೇಕು. 2023ರ ಅಧ್ಯಯನದ ದಾಖಲೆಗಳು ಆ ಬದಲಾವಣೆಯ ನಂತರದವು. ಹಾಗಿದ್ದರೂ ಬಾವಿಯ ರೂಪಕವನ್ನು ಎಲ್ಲರ ಮೇಲೂ ಹೇರುವುದು ಸರಿಯಲ್ಲ. ಅದರಿಂದ ಇನ್ನೊಂದು ನಷ್ಟವೂ ಇದೆ. ಬಾವಿಗೆ ಬೀಳುವವರು ಯಾರೋ ಬೇರೆಯವರು ಎಂದು ನಂಬಿದೊಡನೆ, ದಿನವೂ ಒಂದಷ್ಟು ಹೊತ್ತು ತಮಗೇ ಬೇಡದ್ದನ್ನು ನೋಡಿ ಎದ್ದುಹೋಗುವ ಕೋಟ್ಯಂತರ ಸಾಮಾನ್ಯರ ವಿಷಯ ಚರ್ಚೆಯಿಂದಲೇ ಮಾಯವಾಗುತ್ತದೆ. ನಮ್ಮ ಲೆಕ್ಕದ ಚರ್ಚೆಯ ವಿಡಿಯೊ ಯಾರನ್ನೂ ಉಗ್ರವಾದಿ ಮಾಡಲಿಲ್ಲ. ಐದು ಮಂದಿಯ ಇಪ್ಪತ್ತು ನಿಮಿಷ ತೆಗೆದುಕೊಂಡಿತು, ಆ ಬಲದಿಂದ ಇನ್ನು ನೂರು ಮಂದಿಯ ಮುಂದೆ ಹೋಗಿ ನಿಂತಿತು, ಅಷ್ಟೆ.

ಮೂರನೆಯ ಆಕ್ಷೇಪ ವ್ಯವಹಾರದ್ದು. ಯೂಟ್ಯೂಬಿಗೆ ನಿಮಿಷಕ್ಕೆ 500 ಗಂಟೆಗಳಷ್ಟು ವಿಡಿಯೊ ಬಂದು ಬೀಳುತ್ತದೆ ಎಂದು ಕಂಪನಿಯೇ ಹೇಳಿದೆ. ಆರಿಸಿಕೊಡುವವರಿಲ್ಲದೆ ಇದರಲ್ಲಿ ಏನನ್ನು ಹುಡುಕುವುದು? ಇದನ್ನು ಒಪ್ಪದೆ ಗತಿಯಿಲ್ಲ. ಮೊದಲ ಹಂತದ ಸೋಸುವಿಕೆ ಇಲ್ಲದಿದ್ದರೆ, ದೊಡ್ಡ ಟಿ.ವಿ. ಕಂಪನಿಗಳ ಪ್ರಚಾರಬಲವಿಲ್ಲದ ಕನ್ನಡದ ಒಬ್ಬ ಕೃಷಿಕ ತನ್ನ ಅಡಿಕೆ ತೋಟದ ಬಗ್ಗೆ ಮಾಡಿದ ವಿಡಿಯೊ, ಅದು ಬೇಕಾದ ಇನ್ನೊಬ್ಬ ಬೆಳೆಗಾರನನ್ನು ತಲುಪುವುದು ಕಷ್ಟ. ‘ಇದನ್ನು ನೋಡಿದವರು ಅದನ್ನೂ ನೋಡಿದರು’ ಎಂಬ ನಂಟಿಗೆ ಭಾಷೆ ಅರ್ಥವಾಗಬೇಕಿಲ್ಲ, ಹೀಗಾಗಿ ಚಿಕ್ಕ ಭಾಷೆಗಳಿಗೂ ಅದು ನೆರವಾಗಬಲ್ಲದು. 2020ರ ಜೂನ್ ಕೊನೆಯಲ್ಲಿ ಭಾರತ ಟಿಕ್‌ಟಾಕನ್ನು ನಿಷೇಧಿಸಿದ ಬೆನ್ನಲ್ಲೇ ಬೆಂಗಳೂರಿನ ಶೇರ್‌ಚಾಟ್ ಸಂಸ್ಥೆ ‘ಮೋಜ್’ ಎಂಬ ಆ್ಯಪನ್ನು ತಂದಿತು, ಜುಲೈಯಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಇಲ್ಲಿಗೆ ಬಂತು, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್‌ನ ಪ್ರಯೋಗ ಭಾರತದಿಂದಲೇ ಶುರುವಾಯಿತು. ಅಂಗಡಿಯ ಬೋರ್ಡು ಬದಲಾಯಿತು, ಕಂಪನಿಯ ದೇಶ ಬದಲಾಯಿತು, ಆರಿಸಿಕೊಡುವ ಪದ್ಧತಿ ಮಾತ್ರ ಬದಲಾಗಲಿಲ್ಲ. ಆದ್ದರಿಂದ ಇದು ಯಾವ ದೇಶದ ಆ್ಯಪು ಎಂಬ ಪ್ರಶ್ನೆಯಲ್ಲ, ಆರಿಸಿಕೊಡುವುದು ಬೇಕೇ ಬೇಡವೇ ಎಂಬ ಪ್ರಶ್ನೆಯೂ ಅಲ್ಲ. ಆರಿಸುವಾಗ ಯಾವ ಅಂಕಿಯನ್ನು ಹಿಗ್ಗಿಸಲು ಹೊರಟಿದ್ದೀರಿ, ಮತ್ತು ಅದನ್ನು ಬದಲಿಸುವ ಗುಂಡಿ ನೋಡುಗನ ಕೈಯಲ್ಲಿ ಏಕಿಲ್ಲ ಎಂಬುದು ಪ್ರಶ್ನೆ.

ಈ ಪ್ರಶ್ನೆಗೆ ಕಾನೂನಿನ ಉತ್ತರಗಳು ಶುರುವಾಗಿವೆ. ಐರೋಪ್ಯ ಒಕ್ಕೂಟದ ಡಿಜಿಟಲ್ ಸೇವೆಗಳ ಕಾಯ್ದೆ ಅತಿದೊಡ್ಡ ವೇದಿಕೆಗಳಿಗೆ 2023ರ ಆಗಸ್ಟಿನಿಂದ ಒಂದು ಷರತ್ತು ವಿಧಿಸಿದೆ. ವ್ಯಕ್ತಿಯ ನಡವಳಿಕೆಯನ್ನು ಆಧರಿಸದ ಒಂದು ಶಿಫಾರಸು ಕ್ರಮವನ್ನಾದರೂ ನೋಡುಗನ ಆಯ್ಕೆಗೆ ಇಡಲೇಬೇಕು. ಚೀನಾ 2022ರ ಮಾರ್ಚಿನಿಂದಲೇ ಶಿಫಾರಸನ್ನು ಆಫ್ ಮಾಡುವ ಅವಕಾಶ ಕೊಡಬೇಕೆಂದು ನಿಯಮ ಮಾಡಿದೆ. ಯಾವುದೂ ಪೂರ್ಣ ಪರಿಹಾರವಲ್ಲ. ವೈಯಕ್ತಿಕ ಶಿಫಾರಸನ್ನು ಆಫ್ ಮಾಡಿದರೆ ಉಳಿಯುವುದು ಊರಿಗೆಲ್ಲ ಜನಪ್ರಿಯವಾದದ್ದು, ಅದರ ಜನಪ್ರಿಯತೆಯೂ ಅದೇ ಗೋಲಿನಿಂದ ಅಳೆದದ್ದೇ. ಆದರೂ ಆಫ್ ಮಾಡುವ ಸ್ವಿಚ್ಚು ಇದೆ ಎಂಬುದಕ್ಕೂ ಇಲ್ಲ ಎಂಬುದಕ್ಕೂ ವ್ಯತ್ಯಾಸ ದೊಡ್ಡದು.

ಅಲ್ಲಿಯವರೆಗೆ, ಅನುಮಾನವಿದ್ದವರು ತಮ್ಮ ಫೋನಿನಲ್ಲೇ ಪರೀಕ್ಷಿಸಿ ನೋಡಬಹುದು. ಯೂಟ್ಯೂಬಿನ ‘History’ ಪುಟ ತೆರೆದು, ನಿನ್ನೆ ನೋಡಿದ್ದರಲ್ಲಿ ಹುಡುಕಿಕೊಂಡು ಹೋಗಿ ನೋಡಿದವೆಷ್ಟು, ಕಣ್ಣೆದುರಿಗೆ ಬಂದದ್ದಕ್ಕೆ ನೋಡಿದವೆಷ್ಟು ಎಂದು ಎಣಿಸಿ. ಎರಡನೇ ಪಟ್ಟಿಯಲ್ಲಿ ಈಗಲೂ ನೆನಪಿರುವುದೆಷ್ಟು ಎಂಬುದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಬಳಿಕ, ಮನಸ್ಸಿದ್ದರೆ, ಹಳೆಯ ಹಿಸ್ಟರಿಯನ್ನು ಅಳಿಸಿ, ಅದು ಮುಂದೆ ದಾಖಲಾಗದಂತೆ ಆಫ್ ಮಾಡಿ ಮುಖಪುಟಕ್ಕೆ ಬನ್ನಿ. 2023ರ ಆಗಸ್ಟಿನಲ್ಲಿ ಯೂಟ್ಯೂಬ್ ತಂದ ಬದಲಾವಣೆಯ ಪ್ರಕಾರ, ಹಾಗೆ ಮಾಡಿದವರ ಮುಖಪುಟದಲ್ಲಿ ಶಿಫಾರಸಿನ ವಿಡಿಯೊಗಳು ಬರುವುದಿಲ್ಲ. ಪುಟ ಖಾಲಿ ಇರುತ್ತದೆ, ಏನು ಬೇಕೆಂದು ಬರೆಯಲು ಮೇಲೊಂದು ಹುಡುಕು ಪೆಟ್ಟಿಗೆ ಇರುತ್ತದೆ.